‘ಉಳಿದರೆ ವಾಪಸ್ ಕಳಿಸಿ’ ಅಂದವರು ಈಗ ‘ನೋಡೋಣ’ ಅಂತಾರೆ: 72 ಛತ್ರಿಗಳ ಲೆಕ್ಕ

ಪ್ರಶ್ನೆ: ಸರ್, ತೀರ್ಥಹಳ್ಳಿಯಲ್ಲಿ ನಮ್ಮದು ಸಣ್ಣ ಅಂಗಡಿ. ಜಿಎಸ್‌ಟಿ ನಂಬರ್ ಇದೆ. 2025ರ ಮೇ 10ರಂದು ಬೆಂಗಳೂರಿನ ಹೋಲ್‌ಸೇಲ್‌ನವರು 200 ಛತ್ರಿ ಕಳಿಸಿದರು. ಒಂದಕ್ಕೆ 250 ರೂಪಾಯಿ, ಟ್ಯಾಕ್ಸ್ ಸೇರಿ ಬಿಲ್ಲು 56,000. ‘ಸೀಸನ್ ಮುಗಿದ ಮೇಲೆ ಉಳಿದದ್ದು ವಾಪಸ್ ಕಳಿಸಿ’ ಅಂತ ಅವರ ಸೇಲ್ಸ್‌ಮನ್ ಬಾಯಿಮಾತಲ್ಲಿ ಹೇಳಿದ್ದರು. ಹೋದ ವರ್ಷ 30 ಪೀಸು ವಾಪಸ್ ತಗೊಂಡಿದ್ದರು ಕೂಡ. ಈ ಸಲ ಗಿರಾಕಿಗಳು ಆನ್‌ಲೈನಲ್ಲಿ ತರಿಸಿಕೊಂಡರು, 72 ಉಳಿದಿವೆ. ನಾನು ಆಗಲೇ 45,000 ಕೊಟ್ಟಿದ್ದೇನೆ. ಈಗ ಫೋನ್ ಮಾಡಿದರೆ ‘ಅಪ್ರೂವಲ್ ಇಲ್ಲದೆ ಕಳಿಸಬೇಡಿ’ ಅಂತಾರೆ. ಅಪ್ರೂವಲ್ ಕೊಡಿ ಅಂದರೆ ‘ನೋಡೋಣ’ ಅಂತಾರೆ. ಮೇಲಿಂದ ಬಾಕಿ 11,000 ಕೇಳ್ತಿದ್ದಾರೆ. ಬಿಲ್ಲಿನ ಕೆಳಗೆ ‘ಮಾರಿದ ಸರಕು ವಾಪಸ್ ಪಡೆಯುವುದಿಲ್ಲ’ ಅಂತ ಅಚ್ಚಾಗಿದೆ. ಸುಮ್ನೆ ಲಾರಿಗೆ ಹಾಕಿಬಿಡಲಾ? ನನ್ನ ದುಡ್ಡು ಬರುತ್ತಾ? (ಅಕ್ಟೋಬರ್ 4ರಂದು ಬರೆದದ್ದು)

ಉತ್ತರ: ಲಾರಿಗೆ ಹಾಕಬೇಡಿ. ಆದರೆ ‘ನೋಡೋಣ’ ಅಂದರಲ್ಲ ಅಂತ ಕಾಯುತ್ತಾ ಕೂರಲೂಬೇಡಿ. ಇವೆರಡರಲ್ಲಿ ಯಾವುದು ಮಾಡಿದರೂ ನಷ್ಟ ನಿಮಗೇ. ನಿಮ್ಮ ಕೇಸಿನಲ್ಲಿ ಛತ್ರಿಗಿಂತ ಮೊದಲು ಬೆಂಗಳೂರಿಗೆ ಹೋಗಬೇಕಾದದ್ದು ಒಂದು ಕಾಗದ. ಅದು ಇದೇ ವಾರ ಹೋಗಬೇಕು. ಯಾಕೆ ಇಷ್ಟು ಅವಸರ ಅನ್ನುವುದನ್ನು ಮೊದಲು ಹೇಳುತ್ತೇನೆ.

‘ಸೇಲ್ ಆರ್ ರಿಟರ್ನ್’, ಅಂದರೆ ಮಾರಿ ಇಲ್ಲವೇ ವಾಪಸ್ ಕೊಡಿ, ಅಂತ ನಾವು ಅಂಗಡಿಯಲ್ಲಿ ಹೇಳುವ ಮಾತು ಕಾನೂನಿನಲ್ಲೂ ಇದೆ. 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಮು ಇದರ ಬಗ್ಗೆಯೇ ಹೇಳುತ್ತದೆ. ಈ ಕರಾರಿನಲ್ಲಿ ಬಂದ ಮಾಲು ಬಂದ ತಕ್ಷಣ ನಿಮ್ಮದಾಗುವುದಿಲ್ಲ. ನೀವು ಒಪ್ಪಿಕೊಂಡಾಗ ನಿಮ್ಮದಾಗುತ್ತದೆ. ಒಪ್ಪಿಕೊಂಡಂತೆ ನಡೆದುಕೊಂಡಾಗಲೂ ಆಗುತ್ತದೆ. ಗಿರಾಕಿಗೆ ಮಾರಿದ ಪೀಸು ಹಾಗೆ. ಮೂರನೆಯ ದಾರಿಯೇ ಅಪಾಯದ್ದು. ‘ನನಗೆ ಬೇಡ’ ಅಂತ ತಿಳಿಸದೆ ಗೊತ್ತುಮಾಡಿದ ದಿನ ದಾಟಿಸಿದರೂ ಮಾಲು ನಿಮ್ಮದೇ ಆಗುತ್ತದೆ. ದಿನ ಗೊತ್ತುಮಾಡಿರದಿದ್ದರೆ ‘ತಕ್ಕಷ್ಟು ಸಮಯ’ ದಾಟಿದರೆ ಸಾಕು.

ಹೆಚ್ಚಿನ ಅಂಗಡಿಯವರು ಇದನ್ನು ತಲೆಕೆಳಗಾಗಿ ತಿಳಿದಿರುತ್ತಾರೆ. ‘ಅವರು ಬೇಡ ಅಂತ ಹೇಳಿಲ್ಲವಲ್ಲ, ಹಾಗಾದರೆ ವಾಪಸ್ ತಗೊಳ್ತಾರೆ’ ಅಂದುಕೊಳ್ಳುತ್ತಾರೆ. ಇಲ್ಲಿ ಅವರ ಮೌನಕ್ಕೆ ಅಷ್ಟು ಬೆಲೆ ಇಲ್ಲ, ನಿಮ್ಮ ಮೌನಕ್ಕೆ ಇದೆ. ನೀವು ಸುಮ್ಮನಿದ್ದಷ್ಟು ದಿನವೂ ಆ ಛತ್ರಿಗಳು ನಿಮ್ಮವಾಗುತ್ತಾ ಬರುತ್ತವೆ. ಅವರು ಫೋನಿನಲ್ಲಿ ‘ನೋಡೋಣ’ ಅಂದು ದಿನ ತಳ್ಳುವುದರ ಲಾಭ ಅವರಿಗೇ. ಬೇಕಂತಲೇ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ಆಗುವುದು ಅದೇ.

ನಿಮ್ಮ ಮಾತುಕತೆಯಲ್ಲಿ ತಾರೀಖಿಲ್ಲ, ‘ಸೀಸನ್ ಮುಗಿದ ಮೇಲೆ’ ಅಂತ ಮಾತ್ರ ಇದೆ. ಮಲೆನಾಡಿನಲ್ಲಿ ಛತ್ರಿ ಸೀಸನ್ ಮುಗಿಯುವುದು ಯಾವಾಗ? ಸೆಪ್ಟೆಂಬರ್ ಕೊನೆ ಅಂದರೆ ಯಾರೂ ಜಗಳ ಮಾಡಲಾರರು. ಹಾಗಾಗಿ ಅಕ್ಟೋಬರ್ ಮೊದಲ ಅಥವಾ ಎರಡನೇ ವಾರದಲ್ಲಿ ತಿಳಿಸಿದರೆ ‘ತಕ್ಕ ಸಮಯದಲ್ಲೇ ತಿಳಿಸಿದ್ದೇನೆ’ ಅಂತ ಎದೆ ತಟ್ಟಿ ಹೇಳಬಹುದು. ದೀಪಾವಳಿ ಆಗಲಿ, ಆಮೇಲೆ ನೋಡೋಣ ಅಂತ ಬಿಟ್ಟು ಜನವರಿಯಲ್ಲಿ ಕೇಳಿದರೆ ಆ ಮಾತು ನಡೆಯುವುದಿಲ್ಲ.

ಇನ್ನು ಬಿಲ್ಲಿನ ಕೆಳಗಿನ ಆ ಸಾಲು. ಅದು ಬಿಲ್ ಬುಕ್ಕಿನ ಜೊತೆಗೇ ಅಚ್ಚಾಗಿ ಬರುತ್ತದೆ. ಎಷ್ಟೋ ಜನ ಅಪ್ಪನ ಕಾಲದ ಬಿಲ್ಲನ್ನೇ ನೋಡಿ ಅಚ್ಚು ಹಾಕಿಸಿರುತ್ತಾರೆ. ನಿಮ್ಮಿಬ್ಬರ ನಡುವೆ ಬೇರೆಯೇ ಮಾತಾಗಿತ್ತು ಅಂತ ತೋರಿಸಿದರೆ ಎಲ್ಲರಿಗೂ ಹಾಕುವ ಆ ಅಚ್ಚಿನ ಸಾಲಿಗಿಂತ ಆ ಮಾತೇ ಗಟ್ಟಿ. ಕಷ್ಟ ಇರುವುದು ತೋರಿಸುವುದರಲ್ಲಿ. ಬಾಯಿಮಾತೂ ಒಪ್ಪಂದವೇ, ಆದರೆ ಸೇಲ್ಸ್‌ಮನ್ ಕೆಲಸ ಬಿಟ್ಟು ಹೋದ ದಿನ ಅದಕ್ಕೆ ಸಾಕ್ಷಿ ಯಾರು?

ನಿಮ್ಮ ಹತ್ತಿರ ಒಂದು ಒಳ್ಳೆಯ ಸಾಕ್ಷಿ ಇದೆ, ನೀವು ಅದನ್ನು ಪ್ರಶ್ನೆಯ ನಡುವೆ ಸುಮ್ನೆ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಹೋದ ವರ್ಷ 30 ಪೀಸು ವಾಪಸ್ ತಗೊಂಡರಲ್ಲ, ಆಗ ಆ ಮೊತ್ತವನ್ನು ಬಿಲ್ಲಿನಲ್ಲಿ ಕಳೆದಿದ್ದೇವೆ ಅನ್ನುವ ಚೀಟಿ, ಅಂದರೆ ಕ್ರೆಡಿಟ್ ನೋಟ್ ಕೊಟ್ಟಿರಬೇಕು. ಆ ಬಿಲ್ಲಿನ ಕೆಳಗೂ ಇದೇ ಸಾಲು ಅಚ್ಚಾಗಿದ್ದಿರಬೇಕು, ಅಲ್ವಾ? ಹಾಗಿದ್ದೂ ತಗೊಂಡಿದ್ದಾರೆ. ಆ ಕ್ರೆಡಿಟ್ ನೋಟ್ ಹುಡುಕಿ ತೆಗೆಯಿರಿ. ಜೊತೆಗೆ ಮೇ ತಿಂಗಳ ವಾಟ್ಸ್ಆ್ಯಪ್ ಮೆಸೇಜುಗಳನ್ನೂ ನೋಡಿ. ಆರ್ಡರ್ ಹಾಕುವಾಗ ‘ಉಳಿದರೆ ಕಳಿಸ್ತೀನಿ’ ಅಂತ ನೀವು ಬರೆದು ಅವರು ಹೆಬ್ಬೆರಳು ತೋರಿಸಿದ್ದರೂ ಅದು ಕೆಲಸಕ್ಕೆ ಬರುತ್ತದೆ. ಫೋನ್ ಬದಲಾಯಿಸುವ ಯೋಚನೆ ಇದ್ದರೆ ಈಗ ಬೇಡ.

ಇಲ್ಲಿ ನಿಮ್ಮ ವಿರುದ್ಧ ಹೋಗುವ ಒಂದು ಅಂಶವನ್ನೂ ಹೇಳಲೇಬೇಕು. ನಿಜವಾದ ಸೇಲ್ ಆರ್ ರಿಟರ್ನ್‌ನಲ್ಲಿ ಮಾಲು ಡೆಲಿವರಿ ಚಲನ್ ಮೇಲೆ ಬರುತ್ತದೆ, ಟ್ಯಾಕ್ಸ್ ಬಿಲ್ಲು ಆಮೇಲೆ. ಮಾರಾಟವಾದಾಗ ಬಿಲ್ಲು ಹಾಕಬೇಕು, ಇಲ್ಲವೇ ಮಾಲು ಹೊರಟು ಆರು ತಿಂಗಳಾದಾಗ, ಯಾವುದು ಮೊದಲೋ ಅದು. ಜಿಎಸ್‌ಟಿ ಕಾಯ್ದೆಯ 31ನೇ ಕಲಮಿನಲ್ಲಿ ಇದು ಇದೆ. ನಿಮಗೆ ಮೊದಲ ದಿನವೇ ಪೂರ್ತಿ ಬಿಲ್ಲು ಹಾಕಿದ್ದಾರೆ. ಹಾಗಾಗಿ ಅವರು ‘ಇದು ಸೇಲ್ ಆರ್ ರಿಟರ್ನ್ ಅಲ್ಲ, ನೇರ ಮಾರಾಟ. ಹೋದ ವರ್ಷ ವಿಶ್ವಾಸಕ್ಕೆ ವಾಪಸ್ ತಗೊಂಡೆವು, ಅಷ್ಟೆ’ ಅನ್ನಬಹುದು. ಬಿಲ್ಲಾದ ಮಾತ್ರಕ್ಕೆ ವಾಪಸ್ ಕೊಡುವ ಹಕ್ಕು ಹೋಗುವುದಿಲ್ಲ. ಮಾರಿ, ಉಳಿದದ್ದನ್ನು ವಾಪಸ್ ತಗೊಳ್ಳುವ ಕರಾರೂ ಇರಬಹುದು. ಆದರೆ ಆಗ ಮಾಲು ನಿಮ್ಮದಾಗಿ, ಅದರ ಹೊಣೆಯೂ ನಿಮ್ಮ ತಲೆಗೆ ಬಂದಿರುತ್ತದೆ. ಗೋಡೌನಿನಲ್ಲಿ ಸೋರಿ ನೆಂದರೆ, ಇಲಿ ಕಚ್ಚಿದರೆ ಅದು ನಿಮ್ಮ ಲೆಕ್ಕಕ್ಕೆ.

ಆ ಆರು ತಿಂಗಳ ಮಾತು ಕೇಳಿ ಕೆಲವರು ‘ವಾಪಸ್ ಕಳಿಸಲು ಕಾನೂನೇ ಆರು ತಿಂಗಳು ಕೊಟ್ಟಿದೆ’ ಅಂತ ನನ್ನ ಹತ್ತಿರ ವಾದಕ್ಕೆ ಬಂದಿದ್ದಾರೆ. ಹಾಗಿಲ್ಲ. ಅದು ಮಾರುವವರು ಟ್ಯಾಕ್ಸ್ ಬಿಲ್ಲು ಹಾಕುವುದಕ್ಕೆ ಇರುವ ಕೊನೆಯ ಗಡುವು. ನಿಮಗೆ ಸಿಕ್ಕ ರಜೆಯಲ್ಲ.

ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಅನ್ನುವವರೂ ಇದ್ದಾರೆ. ಮತ್ತೆ ಮಾರುವುದಕ್ಕೆ ಕೊಂಡವರು ಆ ಕಾನೂನಿನ ಕಣ್ಣಲ್ಲಿ ಗ್ರಾಹಕರಲ್ಲ. ಆ ಬಾಗಿಲು ನಿಮಗೆ ತೆರೆಯುವುದಿಲ್ಲ.

ಹಾಗಾದರೆ ಅಪ್ರೂವಲ್ ಯಾಕೆ ಬೇಕು? ನಮ್ಮ ಹಕ್ಕು ನಮಗಿದ್ದ ಮೇಲೆ ಅವರ ಅಪ್ಪಣೆ ಯಾಕೆ ಅಂತ ಅನ್ನಿಸುವುದು ಸಹಜ. ಅವರ ಗೋಡೌನಿನ ಕಡೆಯಿಂದ ಒಮ್ಮೆ ನೋಡಿ. ಅಕ್ಟೋಬರಿನಲ್ಲಿ ನೂರಾರು ಅಂಗಡಿಗಳಿಂದ ಕಟ್ಟುಗಳು ಬರುತ್ತವೆ. ಒಳಗೆ ತಮ್ಮ ಛತ್ರಿ ಎಷ್ಟು, ಬೇರೆಯವರಿಂದ ಕೊಂಡದ್ದು ಎಷ್ಟು, ಎರಡು ವರ್ಷದ ಹಿಂದಿನ ಮಾಡೆಲ್ ಎಷ್ಟು ಅಂತ ಗೊತ್ತಾಗುವುದಿಲ್ಲ. ಬೇರೆ ಕಂಪನಿಯ ಹಳೇ ಪೀಸು ಸೇರಿಸಿ ಕಳಿಸುವ ಅಂಗಡಿಯವರು ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ, ಮೂವತ್ತು ವರ್ಷ ಲೆಕ್ಕ ನೋಡಿದ್ದೇನೆ. ಅದಕ್ಕೇ ಅವರು ಮೊದಲು ಪಟ್ಟಿ ಕೇಳಿ, ಒಂದು ನಂಬರ್ ಕೊಟ್ಟು, ಆ ನಂಬರ್ ಬರೆದ ಕಟ್ಟನ್ನು ಮಾತ್ರ ಇಳಿಸಿಕೊಳ್ಳುತ್ತಾರೆ. ಇದು ನ್ಯಾಯವಾದದ್ದೇ. ಇನ್ನೊಂದು ಕಾರಣ ಅವರು ಬಾಯಿಬಿಟ್ಟು ಹೇಳುವುದಿಲ್ಲ. ಅವರು ಯಾರಿಂದ ತರಿಸಿದ್ದಾರೋ ಆ ತಯಾರಕರು ಎಷ್ಟೋ ಸಲ ವಾಪಸ್ ತಗೊಳ್ಳುವುದೇ ಇಲ್ಲ. ನಿಮ್ಮ 72 ಅವರ ಕಪಾಟಿನಲ್ಲಿ ಮುಂದಿನ ಮೇ ತನಕ ಕೂರಬೇಕು. ಆ ‘ನೋಡೋಣ’ದ ಹಿಂದೆ ಇರುವುದು ಇದು.

ಅಪ್ರೂವಲ್ ಇಲ್ಲದೆ ಕಳಿಸಿದರೆ ಏನಾಗುತ್ತದೆ ಅನ್ನುವುದನ್ನು ನಾನೇ ನೋಡಿದ್ದೇನೆ. ನನ್ನ ಹತ್ತಿರ ಲೆಕ್ಕ ಬರೆಸುತ್ತಿದ್ದ ಒಬ್ಬ ಅಂಗಡಿಯವರು ಸಿಟ್ಟಿನಲ್ಲಿ ಮೂರು ಕಟ್ಟು ರೈನ್‌ಕೋಟು ಲಾರಿಗೆ ಹಾಕಿದರು. ಹೋಲ್‌ಸೇಲ್‌ನವರು ಇಳಿಸಿಕೊಳ್ಳಲಿಲ್ಲ. ಟ್ರಾನ್ಸ್‌ಪೋರ್ಟ್‌ನವರು ತಮ್ಮ ಗೋಡೌನಿನಲ್ಲಿ ಇಟ್ಟುಕೊಂಡು ದಿನದ ಬಾಡಿಗೆ ಹಾಕುತ್ತಾ ಹೋದರು. ನಾಲ್ಕು ತಿಂಗಳ ಮೇಲೆ ಕಟ್ಟು ವಾಪಸ್ ಬಂದಾಗ ಒಳಗೆ ಬೂಷ್ಟು ಹಿಡಿದಿತ್ತು. ಮಾಲು ಹೋಯಿತು, ಹೋಗುವ ಬಾಡಿಗೆ, ಬರುವ ಬಾಡಿಗೆ, ಗೋಡೌನ್ ಬಾಡಿಗೆ ಎಲ್ಲವೂ ಹೋಯಿತು. ಆ ಅಂಗಡಿಯವರು ‘ನನಗೆ ಬೇಡ’ ಅಂತ ಬರೆದು ತಿಳಿಸಿದ ಒಂದು ಸಾಲೂ ಇರಲಿಲ್ಲ.

ಅಂದರೆ ಅಪ್ರೂವಲ್ ಕೇಳುವುದು ಬೇರೆ, ಬೇಡ ಅಂತ ತಿಳಿಸುವುದು ಬೇರೆ. ಒಂದೇ ಕಾಗದದಲ್ಲಿ ಎರಡನ್ನೂ ಮಾಡಿ. ಅವರು ಅಪ್ರೂವಲ್ ತಡ ಮಾಡಿದರೂ ನೀವು ತಿಳಿಸಿದ ದಿನ ಕಾಗದದ ಮೇಲೆ ಉಳಿಯುತ್ತದೆ.

ಬರೆಯುವ ಮೊದಲು 72ನ್ನೂ ಒಂದೊಂದಾಗಿ ಬಿಚ್ಚಿ ನೋಡಿ. ಒಂದು ಮಧ್ಯಾಹ್ನದ ಕೆಲಸ. ಕಡ್ಡಿಗಳು ಸೇರುವ ತುದಿಯಲ್ಲಿ, ಮೇಲೆ ಕೆಳಗೆ ಜಾರುವ ಬಳೆಯ ಹತ್ತಿರ, ಗುಂಡಿಯ ಸ್ಪ್ರಿಂಗ್ ಬಳಿ ತುಕ್ಕು ಇದೆಯಾ ನೋಡಿ. ನಮ್ಮ ಕಡೆಯ ತೇವಕ್ಕೆ ತುಕ್ಕು ಮೊದಲು ಕೂರುವುದು ಅಲ್ಲೇ, ಬೆಂಗಳೂರಿನವರು ಮೊದಲು ನೋಡುವುದೂ ಅಲ್ಲೇ. ಬಟ್ಟೆಯ ಮಡಿಕೆ ಬಿಡಿಸಿ ಮೂಸಿ ನೋಡಿ. ಬೂಷ್ಟಿನ ವಾಸನೆ ಇದ್ದರೆ ಬೇರೆ ಇಡಿ. ಅಂಗಡಿ ಮುಂದೆ ನೇತುಹಾಕಿದ್ದವು ಒಂದು ಬದಿ ಬಣ್ಣ ಕಳೆದುಕೊಂಡಿರುತ್ತವೆ. ಅವನ್ನೂ ಬೇರೆ ಇಡಿ. ನೀವು ಅಂಟಿಸಿದ ಬೆಲೆಚೀಟಿಗಳನ್ನು ನಿಧಾನವಾಗಿ ಕಿತ್ತು, ಮಾಡೆಲ್ ನಂಬರಿನ ಚೀಟಿ ಮತ್ತು ಕವರು ಹಾಗೇ ಇರುವಂತೆ ನೋಡಿಕೊಳ್ಳಿ. ಹಾಳಾದದ್ದನ್ನು ಒಳ್ಳೆಯದರ ನಡುವೆ ತುರುಕಬೇಡಿ. ಎರಡು ಪೀಸಿನ ಆಸೆಗೆ ಹೋದರೆ ಅವರು ಇಡೀ ಕಟ್ಟಿನ ಮೇಲೆ ಅನುಮಾನ ಪಡುತ್ತಾರೆ.

ಆರು ಹಾಳಾಗಿವೆ, 66 ಚೆನ್ನಾಗಿವೆ ಅಂತ ಇಟ್ಟುಕೊಳ್ಳೋಣ. ಈಗ ದುಡ್ಡಿನ ಲೆಕ್ಕ ನೋಡಿ. 66ಕ್ಕೆ 250ರಂತೆ 16,500. ನಿಮ್ಮ ಬಿಲ್ಲಿನಲ್ಲಿ ಟ್ಯಾಕ್ಸ್ ಶೇಕಡಾ 12, ಅಂದರೆ 1,980. ಒಟ್ಟು 18,480. ಇದನ್ನು 56,000ದಲ್ಲಿ ಕಳೆದರೆ ನೀವು ನಿಜವಾಗಿ ಕೊಡಬೇಕಾದದ್ದು 37,520. ನೀವು ಕೊಟ್ಟಿರುವುದು 45,000. ಅಂದರೆ ನೀವು ಅವರಿಗೆ 11,000 ಕೊಡಬೇಕಾದ್ದಿಲ್ಲ, ಅವರೇ ನಿಮಗೆ 7,480 ಕೊಡಬೇಕು. ಫೋನಿನಲ್ಲಿ ಅವರು ಬಾಕಿ ಕೇಳುತ್ತಾರೆ, ನೀವು ವಾಪಸಾತಿ ಕೇಳುತ್ತೀರಿ, ಎರಡೂ ಬೇರೆ ಬೇರೆ ಮಾತಾಗಿ ಹೋಗುತ್ತಿವೆ. ಕಾಗದದಲ್ಲಿ ಎರಡನ್ನೂ ಒಂದೇ ಲೆಕ್ಕಕ್ಕೆ ತನ್ನಿ. ‘ಮೊದಲು ಬಾಕಿ ಕಟ್ಟಿ, ಆಮೇಲೆ ವಾಪಸಾತಿ ಮಾತಾಡೋಣ’ ಅಂದರೆ ಕಟ್ಟಬೇಡಿ. ಪೂರ್ತಿ ಹಣ ಕಟ್ಟಿದರೆ ‘ಮಾಲನ್ನೆಲ್ಲ ಒಪ್ಪಿಕೊಂಡಿದ್ದಾರೆ’ ಅನ್ನಲು ಅವರಿಗೆ ಒಂದು ಕಾರಣ ಸಿಗುತ್ತದೆ.

ಕಾಗದ ಹೀಗಿದ್ದರೆ ಸಾಕು. ಇಮೇಲ್ ಮಾಡಿ, ಅದನ್ನೇ ವಾಟ್ಸ್ಆ್ಯಪ್‌ನಲ್ಲೂ ಕಳಿಸಿ. ಸೇಲ್ಸ್‌ಮನ್‌ಗೆ ಮಾತ್ರ ಕಳಿಸಿ ಸುಮ್ಮನಾಗಬೇಡಿ, ಬಿಲ್ಲಿನಲ್ಲಿರುವ ವಿಳಾಸಕ್ಕೆ ಹೋಗಲಿ.

“ನಿಮ್ಮ 10-5-2025ರ ಬಿಲ್ಲು (ನಂಬರ್ ಹಾಕಿ) ಪ್ರಕಾರ ಬಂದ 200 ಛತ್ರಿಗಳಲ್ಲಿ 66 ಮಾರಾಟವಾಗದೆ ಉಳಿದಿವೆ. ಸೀಸನ್ ಮುಗಿದ ಮೇಲೆ ಉಳಿದದ್ದನ್ನು ವಾಪಸ್ ಪಡೆಯುವುದೆಂದು ನಿಮ್ಮ ಪ್ರತಿನಿಧಿ ಆರ್ಡರ್ ಪಡೆಯುವಾಗ ತಿಳಿಸಿದ್ದರು. ಕಳೆದ ವರ್ಷವೂ ಹೀಗೆಯೇ 30 ಪೀಸು ಪಡೆದು ಕ್ರೆಡಿಟ್ ನೋಟ್ ಕೊಟ್ಟಿದ್ದೀರಿ. ಅದರಂತೆ ಈ 66 ಪೀಸು ನನಗೆ ಬೇಡವೆಂದು ಈ ಮೂಲಕ ತಿಳಿಸುತ್ತಿದ್ದೇನೆ. ಮಾಡೆಲ್‌ವಾರು ಪಟ್ಟಿ ಮತ್ತು ಫೋಟೋ ಜೊತೆಗಿದೆ. ಎಲ್ಲವೂ ಮೂಲ ಕವರಿನಲ್ಲಿ, ಬಳಸದ ಸ್ಥಿತಿಯಲ್ಲಿವೆ. ಟ್ಯಾಕ್ಸ್ ಸೇರಿ ಇವುಗಳ ಮೊತ್ತ 18,480 ರೂ. ಇದನ್ನು ಕಳೆದು, ನಾನು ಕೊಟ್ಟಿರುವ 45,000 ರೂ. ಹಿಡಿದರೆ ನನಗೆ ಬರಬೇಕಾದದ್ದು 7,480 ರೂ. ದಯವಿಟ್ಟು ಅಕ್ಟೋಬರ್ 15ರೊಳಗೆ ವಾಪಸಾತಿ ಒಪ್ಪಿಗೆ ನಂಬರ್, ಕಳಿಸಬೇಕಾದ ವಿಳಾಸ ಮತ್ತು ಲಾರಿ ಬಾಡಿಗೆ ಯಾರದ್ದು ಎಂಬುದನ್ನು ತಿಳಿಸಿ. ಅಲ್ಲಿಯವರೆಗೆ ಈ ಪೀಸುಗಳನ್ನು ಮಾರದೆ ನಿಮ್ಮ ಪರವಾಗಿ ತೆಗೆದಿಟ್ಟಿರುತ್ತೇನೆ.”

ಕೊನೆಯ ಸಾಲನ್ನು ಬರೆದ ಮೇಲೆ ಅದರಂತೆ ನಡೆದುಕೊಳ್ಳಬೇಕು. ಕಾಗದ ಕಳಿಸಿದ ಮರುದಿನ ‘ಸ್ಟಾಕ್ ಕ್ಲಿಯರೆನ್ಸ್’ ಬೋರ್ಡ್ ಹಾಕಿ ಅದೇ ಛತ್ರಿ ಮಾರಿದರೆ ನೀವು ಒಪ್ಪಿಕೊಂಡಂತೆಯೇ ಆಯಿತು. 66ನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ, ಮೇಲೆ ಚೀಟಿ ಅಂಟಿಸಿ, ಒಣ ಜಾಗದಲ್ಲಿಡಿ.

ನಂಬರ್ ಬಂದ ಮೇಲೆ ಕಳಿಸುವ ಕೆಲಸ ಸುಲಭ. ಪ್ಯಾಕ್ ಮಾಡುವಾಗ ಎಣಿಸುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ. ಡೆಲಿವರಿ ಚಲನ್ ಬರೆದು ಅದರಲ್ಲಿ ಹಳೇ ಬಿಲ್ಲಿನ ನಂಬರ್ ಮತ್ತು ಒಪ್ಪಿಗೆ ನಂಬರ್ ಎರಡೂ ಹಾಕಿ. 50,000ಕ್ಕಿಂತ ಕಡಿಮೆ ಇರುವುದರಿಂದ ಇ-ವೇ ಬಿಲ್ ಬೇಡ. ಲಾರಿಯವರು ಕೊಡುವ ರಸೀದಿ, ಅಂದರೆ ಎಲ್‌ಆರ್ ಮೇಲೆ ತೂಕ ಬರೆಸುವುದನ್ನು ಮಾತ್ರ ಮರೆಯಬೇಡಿ. ಒಂದು ಛತ್ರಿ ಕವರು ಸೇರಿ 350 ಗ್ರಾಂ ಇದ್ದರೆ 66ಕ್ಕೆ 23 ಕಿಲೋ ಆಗುತ್ತದೆ, ಪೆಟ್ಟಿಗೆಯ ತೂಕ ಬೇರೆ. ನಾಳೆ ‘58 ಮಾತ್ರ ಬಂದಿವೆ’ ಅಂದರೆ ಎಂಟು ಛತ್ರಿಗೆ ಸುಮಾರು ಮೂರು ಕಿಲೋ ವ್ಯತ್ಯಾಸ ಬೀಳುತ್ತದಲ್ಲ, ಆಗ ಆ ಎಲ್‌ಆರ್ ನಿಮ್ಮ ಪರ ಮಾತಾಡುತ್ತದೆ. ನಾನು ಇಂಥ ಎಣಿಕೆ ಜಗಳಗಳನ್ನು ವಿಡಿಯೋಗಿಂತ ಹೆಚ್ಚಾಗಿ ತೂಕದ ಚೀಟಿಯಿಂದಲೇ ಬಗೆಹರಿಸಿದ್ದೇನೆ.

ಮಾಲು ಇಳಿದು ಎಣಿಕೆ ಆದ ಮೇಲೆ ಅವರು ಕ್ರೆಡಿಟ್ ನೋಟ್ ಕೊಡಬೇಕು. ಇಲ್ಲಿ ಈ ವರ್ಷ ಒಂದು ವಿಶೇಷ ಗೊಂದಲ ಇದೆ. ನಿಮಗೆ ಬಿಲ್ಲಾದಾಗ ಛತ್ರಿಗೆ ಶೇಕಡಾ 12 ಟ್ಯಾಕ್ಸ್ ಇತ್ತು. ಸೆಪ್ಟೆಂಬರ್ 22ರಿಂದ ಅದು 5ಕ್ಕೆ ಇಳಿದಿದೆ. ‘ಈಗ ರೇಟು 5, ಹಾಗಾಗಿ 5 ಹಾಕಿಯೇ ಕ್ರೆಡಿಟ್ ನೋಟ್ ಕೊಡುತ್ತೇವೆ’ ಅಂತ ಅವರ ಲೆಕ್ಕದ ಹುಡುಗ ಹೇಳಬಹುದು. ಹಾಗೆ ಮಾಡಿದರೆ 18,480ರ ಬದಲು 17,325 ಬರುತ್ತದೆ. ಅದು ಸರಿಯಲ್ಲ. ಕ್ರೆಡಿಟ್ ನೋಟ್ ಅಂದರೆ ಹಳೇ ಬಿಲ್ಲಿನ ಒಂದು ಭಾಗವನ್ನು ಹಿಂದಕ್ಕೆ ಪಡೆಯುವುದು. ಆ ಬಿಲ್ಲಿನಲ್ಲಿ ಯಾವ ದರ ಇತ್ತೋ ಅದೇ ದರದಲ್ಲಿ ಆಗಬೇಕು. ಕೊಳ್ಳುವಾಗ ಕೊಟ್ಟ ಟ್ಯಾಕ್ಸನ್ನು ನಿಮ್ಮ ಟ್ಯಾಕ್ಸಿನಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ಟನ್ನು ನೀವೂ ಆಗ 12ರ ಲೆಕ್ಕದಲ್ಲೇ ತಗೊಂಡಿದ್ದೀರಿ, ಈಗ 66 ಪೀಸಿನ ಮಟ್ಟಿಗೆ ಅದೇ 1,980ನ್ನು ವಾಪಸ್ ತೋರಿಸಬೇಕಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಕ್ರೆಡಿಟ್ ನೋಟ್ ಕಾಣಿಸಿದಾಗ ಸಿಟ್ಟಿಗೆ ಅಥವಾ ಗೊತ್ತಾಗದೆ ‘ರಿಜೆಕ್ಟ್’ ಒತ್ತಬೇಡಿ. ಒತ್ತಿದರೆ ಆ ಟ್ಯಾಕ್ಸ್ ಮತ್ತೆ ಅವರ ತಲೆಗೇ ಬೀಳುತ್ತದೆ, ಆಮೇಲೆ ನಿಮ್ಮ ಫೋನನ್ನೇ ಎತ್ತುವುದಿಲ್ಲ.

ಕ್ರೆಡಿಟ್ ನೋಟ್ ಬದಲು ನೀವೇ ಅವರಿಗೆ ಒಂದು ಮಾರಾಟದ ಬಿಲ್ಲು ಹಾಕಿ ಕಳಿಸುವ ದಾರಿಯೂ ಇದೆ. ತೆರಿಗೆ ಇಲಾಖೆ 2018ರಲ್ಲಿ ಅವಧಿ ಮುಗಿದ ಔಷಧಿಗಳ ವಿಷಯದಲ್ಲಿ ಎರಡೂ ದಾರಿ ಒಪ್ಪಿ ಸುತ್ತೋಲೆ ಹೊರಡಿಸಿತ್ತು, ಬೇರೆ ಕಾರಣಕ್ಕೆ ವಾಪಸಾಗುವ ಸರಕಿಗೂ ಅದು ಅನ್ವಯಿಸಬಹುದು ಅಂತ ಅದರಲ್ಲೇ ಇದೆ. ಆದರೆ ನಿಮಗೆ ನಾನು ಅದನ್ನು ಹೇಳುವುದಿಲ್ಲ. ನೀವೇ ಅವರಿಗೆ ಮಾರಿದಂತೆ ಬಿಲ್ಲು ಹಾಕಿದರೆ ‘ಇದು ವಾಪಸಾತಿ’ ಅನ್ನುವ ನಿಮ್ಮ ಮಾತಿನ ಬಿಗಿ ಸಡಿಲವಾಗುತ್ತದೆ.

ಇನ್ನೊಂದು ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಬರೆದಿಡಬೇಕು, ನವೆಂಬರ್ 6. ಬಿಲ್ಲಿನ ದಿನದಿಂದ 180 ದಿನದೊಳಗೆ ಮಾರಿದವರಿಗೆ ಹಣ ಕೊಡದಿದ್ದರೆ ಕೊಡದ ಭಾಗಕ್ಕೆ ತಗೊಂಡ ಇನ್‌ಪುಟ್ ಕ್ರೆಡಿಟ್ ಬಿಟ್ಟುಕೊಡಬೇಕು. ಆ 180ನೇ ದಿನ ನವೆಂಬರ್ 6. ಅಷ್ಟರೊಳಗೆ ಕ್ರೆಡಿಟ್ ನೋಟ್ ಬಂದರೆ ನಿಮ್ಮ ಹೆಸರಿನಲ್ಲಿ ಬಾಕಿಯೇ ಇರುವುದಿಲ್ಲ. ಬರದಿದ್ದರೆ ಪುಸ್ತಕದಲ್ಲಿ 11,000 ಬಾಕಿ ಅಂತಲೇ ಇರುತ್ತದೆ, ಅದರಲ್ಲಿರುವ ಸುಮಾರು 1,179 ರೂಪಾಯಿ ಟ್ಯಾಕ್ಸನ್ನು ಸದ್ಯಕ್ಕೆ ಬಿಡಬೇಕಾಗುತ್ತದೆ. ದೊಡ್ಡ ಮೊತ್ತವಲ್ಲ. ಆದರೆ ನಿಮ್ಮ ಲೆಕ್ಕಿಗರಿಗೆ ಈಗಲೇ ಹೇಳಿಡಿ.

ಈಗ ಕಷ್ಟದ ಭಾಗಕ್ಕೆ ಬರೋಣ. ಅಕ್ಟೋಬರ್ 15 ಕಳೆದರೂ ಉತ್ತರ ಬರಲಿಲ್ಲ ಅಂದುಕೊಳ್ಳಿ. ಅಥವಾ ‘ನಗದು ಕೊಡಲ್ಲ, ಮುಂದಿನ ಮೇ ತಿಂಗಳ ಬಿಲ್ಲಿಗೆ ಹೊಂದಿಸೋಣ’ ಅಂದರು ಅಂದುಕೊಳ್ಳಿ. ಎರಡನೆಯದೇ ಹೆಚ್ಚು ಸಂಭವ.

ಹೊಂದಿಸಿಕೊಳ್ಳುವುದು ಕೆಟ್ಟ ದಾರಿಯಲ್ಲ. ಮುಂದಿನ ವರ್ಷವೂ ಅವರ ಹತ್ತಿರವೇ ತರಿಸುವ ಯೋಚನೆ ಇದ್ದರೆ 7,480 ರೂಪಾಯಿಗೆ ಜಗಳವಾಡುವುದಕ್ಕಿಂತ ಅದೇ ಲೇಸು. ಆದರೆ ಕ್ರೆಡಿಟ್ ನೋಟ್ ಈಗಲೇ ಕೈಗೆ ಬರಬೇಕು, ‘ಮೇನಲ್ಲಿ ನೋಡಿ ಹಾಕ್ತೀವಿ’ ಆಗಬಾರದು. ಕ್ರೆಡಿಟ್ ನೋಟ್ ಇಲ್ಲದೆ ಮಾಲು ಕಳಿಸಿ ಬಾಯಿಮಾತಲ್ಲಿ ಹೊಂದಿಸಿಕೊಳ್ಳಲು ಒಪ್ಪಿದರೆ, ಛತ್ರಿಯೂ ಅವರ ಹತ್ತಿರ, ದುಡ್ಡೂ ಅವರ ಹತ್ತಿರ, ನಿಮ್ಮ ಹತ್ತಿರ ಏನೂ ಇಲ್ಲ. ಅವರು ವ್ಯಾಪಾರ ಮುಚ್ಚಿದರೆ ಅಥವಾ ಅಣ್ಣ ತಮ್ಮ ಪಾಲಾಗಿ ಫರ್ಮ್ ಹೆಸರು ಬದಲಾದರೆ ಯಾರನ್ನು ಕೇಳುತ್ತೀರಿ? ಮುಂದಿನ ವರ್ಷ ನೀವು ಎಷ್ಟು ಮಾಲು ಕೊಂಡರೆ ಹೊಂದಿಸುತ್ತಾರೆ ಅನ್ನುವುದನ್ನೂ ಕೇಳಿ. ಪೂರ್ತಿ 200 ಕೊಂಡರೆ ಮಾತ್ರ ಅಂದರೆ ಅದು ವಾಪಸಾತಿಯಲ್ಲ, ಮುಂದಿನ ಆರ್ಡರಿಗೆ ಹಾಕಿದ ಗಾಳ.

ಛತ್ರಿ ನೀವೇ ಇಟ್ಟುಕೊಂಡು ಬೆಲೆ ಇಳಿಸಿಕೊಳ್ಳುವ ಮಾತೂ ಬರಬಹುದು. ‘ಶೇಕಡಾ 20 ಬಿಡ್ತೀವಿ, ಮುಂದಿನ ವರ್ಷ ಮಾರಿಕೊಳ್ಳಿ’ ಅಂತಾರೆ. 66ಕ್ಕೆ ಅದು 3,300 ರೂಪಾಯಿ ಮತ್ತು ಅದರ ಟ್ಯಾಕ್ಸ್. ಇದನ್ನು ಒಪ್ಪಬೇಕಾ ಅನ್ನುವುದು ನಿಮ್ಮ ಹತ್ತಿರ ಉಳಿದಿರುವುದು ಯಾವ ಛತ್ರಿ ಅನ್ನುವುದರ ಮೇಲೆ ನಿಂತಿದೆ. ಸಾದಾ ಕಪ್ಪು ಛತ್ರಿಯಾದರೆ ಮುಂದಿನ ಜೂನಿನಲ್ಲೂ ಹೋಗುತ್ತದೆ. ಮಕ್ಕಳ ಗೊಂಬೆ ಚಿತ್ರದ್ದಾದರೆ ಇಟ್ಟುಕೊಳ್ಳಬೇಡಿ, ಅಷ್ಟರಲ್ಲಿ ಮಕ್ಕಳಿಗೆ ಬೇರೆ ಗೊಂಬೆ ಬೇಕಾಗಿರುತ್ತದೆ. ತೀರ್ಥಹಳ್ಳಿಯ ತೇವದಲ್ಲಿ ಎಂಟು ತಿಂಗಳು ಇಡುವುದೆಂದರೆ ಅವುಗಳಲ್ಲಿ ಒಂದಷ್ಟಕ್ಕೆ ತುಕ್ಕು ಹಿಡಿಯುವುದು ಖಂಡಿತ. ಕಪ್ಪನ್ನು ಇಟ್ಟುಕೊಂಡು ಚಿತ್ರದ್ದನ್ನು ಕಳಿಸುತ್ತೇನೆ ಅಂತ ಅರ್ಧಕ್ಕೆ ಒಪ್ಪುವುದು ನನಗೆ ಬುದ್ಧಿವಂತಿಕೆ ಅನ್ನಿಸುತ್ತದೆ. ಅವರಿಗೂ ಮರ್ಯಾದೆ ಉಳಿಯುತ್ತದೆ.

ಉತ್ತರವೇ ಬರದಿದ್ದರೆ ಅದೇ ಕಾಗದವನ್ನು ಅಕ್ಟೋಬರ್ 16ರಂದು ರಿಜಿಸ್ಟರ್ ಪೋಸ್ಟಿನಂತೆ ಸಹಿ ಪಡೆದು ಕೊಡುವ ಅಂಚೆಯಲ್ಲಿ ಕಳಿಸಿ. ಇನ್ನು ಏಳು ದಿನ ಕೊಡಿ. ಇದಕ್ಕೂ ಮೌನವಾದರೆ ನಿಮ್ಮ ಊರಿನ ವರ್ತಕರ ಸಂಘದವರ ಹತ್ತಿರ ಹೋಗಿ. ಆ ಹೋಲ್‌ಸೇಲ್‌ನವರು ನಿಮ್ಮ ಪೇಟೆಯ ಇನ್ನೂ ಹತ್ತು ಅಂಗಡಿಗೆ ಮಾಲು ಕೊಡುತ್ತಿರುತ್ತಾರೆ. ಸಂಘದ ಒಬ್ಬ ಹಿರಿಯರು ಮಾಡುವ ಒಂದು ಫೋನ್, ವಕೀಲರ ನೋಟಿಸಿಗಿಂತ ಬೇಗ ಕೆಲಸ ಮಾಡಿದ್ದನ್ನು ನಾನು ಹಲವು ಸಲ ನೋಡಿದ್ದೇನೆ. ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಗಡುವಿದೆ. ಆದರೆ 7,480ಕ್ಕೆ ಬೆಂಗಳೂರಿಗೆ ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದು, ವಕೀಲರ ಫೀಸು ಕೊಟ್ಟರೆ ಏನು ಉಳಿಯುತ್ತದೆ ನೀವೇ ಲೆಕ್ಕ ಹಾಕಿ. ಮೊತ್ತ ಲಕ್ಷದಲ್ಲಿದ್ದರೆ ಬೇರೆ ಮಾತು ಹೇಳುತ್ತಿದ್ದೆ.

ದುಡ್ಡು ಬರುತ್ತಾ ಅಂತ ನೇರವಾಗಿ ಕೇಳಿದ್ದೀರಿ. ನನ್ನ ಅಂದಾಜು ಹೇಳುತ್ತೇನೆ. ಹೋದ ವರ್ಷದ ಕ್ರೆಡಿಟ್ ನೋಟ್ ನಿಮ್ಮ ಕೈಯಲ್ಲಿದ್ದು, ಈ ವಾರ ಕಾಗದ ಹೋದರೆ 11,000ದ ಬಾಕಿ ಮನ್ನಾ ಆಗುವುದು ಬಹುತೇಕ ಖಚಿತ, ಯಾಕೆಂದರೆ ಅದು ಇನ್ನೂ ನಿಮ್ಮ ಜೇಬಿನಲ್ಲೇ ಇದೆ. ಮೇಲಿನ 7,480 ನಗದಾಗಿ ಬರುವುದು ಅನುಮಾನ, ಕ್ರೆಡಿಟ್ ಆಗಿ ಬರುತ್ತದೆ. ಇಲ್ಲಿ ನಿಮ್ಮದೊಂದು ತಪ್ಪಿದೆ, ಬೇಸರ ಮಾಡಿಕೊಳ್ಳಬೇಡಿ. ನೀವು ಮಾರಿದ್ದು 128 ಪೀಸು, ಟ್ಯಾಕ್ಸ್ ಸೇರಿ 35,840 ರೂಪಾಯಿಯ ಮಾಲು. ಕೊಟ್ಟದ್ದು 45,000. ಮಾರದ ಮಾಲಿಗೂ ಮುಂಚೆಯೇ ಕೊಟ್ಟುಬಿಟ್ಟಿರಿ.

ಮುಂದಿನ ಮೇ ತಿಂಗಳಲ್ಲಿ ಮಾಲು ಬಂದ ದಿನವೇ ಬಿಲ್ಲಿನ ಅವರ ಪ್ರತಿಯ ಮೇಲೆ ಕೈಯಲ್ಲೇ ಬರೆಯಿರಿ: “ಉಳಿದ ಪೀಸುಗಳನ್ನು ಅಕ್ಟೋಬರ್ 15ರೊಳಗೆ ತಿಳಿಸಿ, 31ರೊಳಗೆ ವಾಪಸ್ ಕಳಿಸುವುದು. ಬಾಡಿಗೆ ಅರ್ಧರ್ಧ. ಹಣ ಪ್ರತಿ ತಿಂಗಳು ಮಾರಾಟವಾದಷ್ಟಕ್ಕೆ.” ಸೇಲ್ಸ್‌ಮನ್ ಹತ್ತಿರ ಸಹಿ ಹಾಕಿಸಿ, ಸೀಲು ಒತ್ತಿಸಿ, ಫೋಟೋ ತೆಗೆದುಕೊಳ್ಳಿ. ಸಹಿ ಹಾಕುವುದಿಲ್ಲ ಅಂದರೆ 200ರ ಬದಲು 120 ಮಾತ್ರ ಇಳಿಸಿಕೊಳ್ಳಿ. ಈ ವರ್ಷ ನೀವು ಮಾರಿದ್ದೂ ಹೆಚ್ಚುಕಡಿಮೆ ಅಷ್ಟೇ.